ಅಲ್ಲಿ ಶನಿವಾರ ಸಂಜೆ, ಇಲ್ಲಿ ಭಾನುವಾರ ಬೆಳಿಗ್ಗೆ

ಅಜ್ಜ-ಅಜ್ಜಿ ಶಿವಮೊಗ್ಗದಲ್ಲಿ, ಮೊಮ್ಮಕ್ಕಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ವಾರಕ್ಕೊಮ್ಮೆ ವಿಡಿಯೊ ಕಾಲ್ ಆಗಬೇಕು. ಎರಡೂ ಮನೆಯವರು ಎದ್ದಿದ್ದು, ಕೈಯಲ್ಲಿ ಕೆಲಸವಿಲ್ಲದೆ ಕೂರುವ ಹೊತ್ತು ಎರಡೇ ಸಿಗುತ್ತವೆ: ಅವರ ಸಂಜೆ ನಮ್ಮ ಬೆಳಿಗ್ಗೆ, ಇಲ್ಲವೇ ಅವರ ಬೆಳಿಗ್ಗೆ ನಮ್ಮ ರಾತ್ರಿ.

ಅಲ್ಲಿ ಬೇಸಿಗೆಯಿದ್ದಾಗ ಲೆಕ್ಕ ಬಾಯಿಲೆಕ್ಕದಷ್ಟೇ. ನಮ್ಮ ಗಡಿಯಾರ ಅವರದಕ್ಕಿಂತ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ಅವರ ಸಂಜೆಯನ್ನು ಬೆಳಿಗ್ಗೆ ಮಾಡಿ ಅರ್ಧ ಗಂಟೆ ಸೇರಿಸಿದರೆ ನಮ್ಮ ಸಮಯ. ಅಲ್ಲಿ ಶನಿವಾರ ಸಂಜೆ ಏಳು ಎಂದರೆ ಇಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ. ಅಜ್ಜನ ಸ್ನಾನ, ಕಾಫಿ ಮುಗಿದಿರುತ್ತದೆ. ಅಲ್ಲಿ ಮಕ್ಕಳ ಊಟವಾಗಿ ಮಲಗಲು ಇನ್ನೂ ಹೊತ್ತಿರುತ್ತದೆ.

ತೊಡಕು ಬರುವುದು ನವೆಂಬರಿನಲ್ಲಿ. ಅಮೆರಿಕದ ಹೆಚ್ಚಿನ ಕಡೆ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚಿನ ಎರಡನೇ ಭಾನುವಾರ ಮತ್ತೆ ಮುಂದಕ್ಕೆ. ನಾವು ನಮ್ಮ ಗಡಿಯಾರ ಮುಟ್ಟುವುದಿಲ್ಲ. ಹಾಗಾಗಿ ಚಳಿಗಾಲದ ಅಂತರ ಹದಿಮೂರೂವರೆ ಗಂಟೆ. ಅಲ್ಲಿನ ಅದೇ ಸಂಜೆ ಏಳು ಇಲ್ಲಿ ಎಂಟೂವರೆಯಾಗುತ್ತದೆ.

ಯಾರ ಗಂಟೆ ಕದಲಬಾರದು ಎಂಬುದನ್ನು ಮನೆಯವರು ಮೊದಲೇ ಮಾತಾಡಿಕೊಳ್ಳಬೇಕು. ಅವರ ಏಳು ಗಂಟೆಯನ್ನೇ ಹಿಡಿದರೆ ಇಲ್ಲಿಯವರು ಚಳಿಗಾಲದಲ್ಲಿ ಒಂದು ಗಂಟೆ ಕಾಯಬೇಕು. ನಮ್ಮ ಏಳೂವರೆಯನ್ನೇ ಹಿಡಿದರೆ ಅಲ್ಲಿ ಸಂಜೆ ಆರಾಗುತ್ತದೆ, ಮಕ್ಕಳಿನ್ನೂ ಆಟ ಮುಗಿಸಿರುವುದಿಲ್ಲ. ಮಕ್ಕಳ ಊಟ-ನಿದ್ದೆ ಅವರ ಗಡಿಯಾರದ ಪ್ರಕಾರವೇ ನಡೆಯುವುದರಿಂದ ಅವರ ಗಂಟೆಯನ್ನು ಹಿಡಿಯುವುದು ಮೇಲು ಎಂದು ನನಗನಿಸುತ್ತದೆ. ಅಜ್ಜಿ ಎಂಟೂವರೆಯೊಳಗೆ ತಿಂಡಿಯನ್ನೂ ಮುಗಿಸಿ ಕೂರಬಹುದು. ಆದರೆ ಅವರ ಶನಿವಾರ ಬೆಳಿಗ್ಗೆ ಎಂಟಕ್ಕೆ ಕಾಲ್ ಇಟ್ಟುಕೊಂಡರೆ, ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಎಂಟೂವರೆ ಇದ್ದದ್ದು ಚಳಿಗಾಲದಲ್ಲಿ ಒಂಬತ್ತೂವರೆಯಾಗುತ್ತದೆ. ಅಷ್ಟೊತ್ತಿಗೆ ಅಜ್ಜ ತೂಕಡಿಸುತ್ತಿರುತ್ತಾರೆ.

2026ರಲ್ಲಿ ಆ ಭಾನುವಾರ ನವೆಂಬರ್ 1. ಅಲ್ಲಿ ಗಡಿಯಾರ ಬದಲಾಗುವುದು ಭಾನುವಾರ ನಸುಕಿನ ಎರಡು ಗಂಟೆಗೆ, ಅಂದರೆ ನಮ್ಮ ಭಾನುವಾರ ಮಧ್ಯಾಹ್ನ ಎರಡೂವರೆಗೆ. ಅವತ್ತಿನ ಬೆಳಗಿನ ಕಾಲ್ ಎಂದಿನಂತೆ ಏಳೂವರೆಗೇ ನಡೆಯುತ್ತದೆ. ಬದಲಾವಣೆ ಮುಂದಿನ ವಾರಕ್ಕೆ. ಅದೇ ಕಾಲ್‌ನಲ್ಲಿ ಮಗಳು ಬಾಯಲ್ಲಿ ಹೇಳಿ, ಮೇಲೆ ಒಂದು ಮೆಸೇಜನ್ನೂ ಹಾಕಿಬಿಡಲಿ:

“ಅಮ್ಮ, ನಿಮಗೆ ನವೆಂಬರ್ 8, ಭಾನುವಾರ ಬೆಳಿಗ್ಗೆ ಎಂಟೂವರೆ. ನಮಗೆ ನವೆಂಬರ್ 7, ಶನಿವಾರ ಸಂಜೆ ಏಳು. ಮಾರ್ಚ್‌ವರೆಗೂ ಹೀಗೇ.”

ಇದರಲ್ಲಿ ಯಾರೂ ಕೂಡಿ ಕಳೆಯಬೇಕಿಲ್ಲ. ವಾರ, ತಾರೀಖು, ಹೊತ್ತು, ಗಂಟೆ ಎಲ್ಲ ಎರಡು ಸಲ ಬಂದಿದೆ, ಮೊದಲ ಸಾಲು ಓದುವವರದ್ದು. “ನಾಳೆ ಬೆಳಿಗ್ಗೆ” ಎಂದು ಬರೆದಿದ್ದರೆ ಯಾರ ನಾಳೆ ಎಂಬ ಪ್ರಶ್ನೆ ಏಳುತ್ತಿತ್ತು. ತಿಂಗಳನ್ನು ಹೆಸರಿನಲ್ಲೇ ಬರೆಯಬೇಕು. ಅಮೆರಿಕದಲ್ಲಿ ಓದಿದ ಮೊಮ್ಮಗನಿಗೆ 11/8 ಎಂದರೆ ನವೆಂಬರ್ ಎಂಟು, ಅಜ್ಜನಿಗೆ ಆಗಸ್ಟ್ ಹನ್ನೊಂದು. PST ಎಂಬ ಮೂರಕ್ಷರವನ್ನೂ ಬಿಡುವುದೇ ಲೇಸು. ಅದು ಚಳಿಗಾಲದ ಸಮಯದ ಹೆಸರು, ಬೇಸಿಗೆಯದ್ದು PDT. ಅಲ್ಲಿಯವರು ಅಭ್ಯಾಸಬಲದಿಂದ ವರ್ಷವಿಡೀ PST ಎಂದೇ ಬರೆಯುವುದುಂಟು. ಜುಲೈಯಲ್ಲಿ ಅದನ್ನು ನಂಬಿ ಲೆಕ್ಕ ಹಾಕಿದವರು ಒಂದು ಗಂಟೆ ತಡವಾಗಿ ಬರುತ್ತಾರೆ.

ಕೆಲವರು ಅಪ್ಪ-ಅಮ್ಮನ ಮನೆಯ ಗೋಡೆಗೆ “ಅಮೆರಿಕದ ಟೈಮ್” ಎಂದು ಇನ್ನೊಂದು ಗಡಿಯಾರ ತೂಗುಹಾಕಿ ಹೋಗುತ್ತಾರೆ. ನವೆಂಬರಿನಲ್ಲಿ ಕುರ್ಚಿ ಹತ್ತಿ ಅದನ್ನು ತಿರುಗಿಸುವವರು ಯಾರು? ಫೋನಿನ ಗಡಿಯಾರ ಆ್ಯಪ್‌ನಲ್ಲಿ ಸ್ಯಾನ್ ಹೋಸೆಯನ್ನೋ ಲಾಸ್ ಏಂಜಲೀಸನ್ನೋ ಒಮ್ಮೆ ಸೇರಿಸಿಟ್ಟರೆ ಅದು ತಾನಾಗಿಯೇ ಬದಲಾಗುತ್ತದೆ, ಪಕ್ಕದಲ್ಲಿ ಇವತ್ತೋ ನಿನ್ನೆಯೋ ಎಂಬುದನ್ನೂ ತೋರಿಸುತ್ತದೆ.

ಇಷ್ಟಾದರೂ ಒಮ್ಮೊಮ್ಮೆ ಕಾಲ್ ತಪ್ಪುತ್ತದೆ. ಎಷ್ಟು ಹೊತ್ತಿನಿಂದ ತಪ್ಪಿತು ಎಂದು ನೋಡಿದರೆ ಕಾರಣ ಗೊತ್ತಾಗುತ್ತದೆ. ಸರಿಯಾಗಿ ಅರ್ಧ ಗಂಟೆಯಾದರೆ, ಭಾರತದ ಸಮಯದ ಕೊನೆಯಲ್ಲಿರುವ ಅರ್ಧವನ್ನು ಯಾರೋ ಬಿಟ್ಟಿದ್ದಾರೆ. ಒಂದು ಗಂಟೆಯಾದರೆ ಅಲ್ಲಿನ ಗಡಿಯಾರ ತಿರುಗಿದ್ದು ನೆನಪಾಗಿಲ್ಲ. ಪೂರ್ತಿ ಒಂದು ದಿನವಾದರೆ ಅಜ್ಜಿ ಹೇಳಿದ ಭಾನುವಾರವನ್ನು ಅಲ್ಲಿಯವರು ತಮ್ಮ ಭಾನುವಾರ ಎಂದುಕೊಂಡಿದ್ದಾರೆ.

ದುಬೈ, ಸಿಂಗಪುರದಲ್ಲಿ ಮೊಮ್ಮಕ್ಕಳಿದ್ದವರಿಗೆ ಈ ತಾಪತ್ರಯವಿಲ್ಲ, ಅಲ್ಲಿ ಗಡಿಯಾರ ತಿರುಗಿಸುವುದಿಲ್ಲ. ಲಂಡನ್ನಿನಲ್ಲಿ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಹಾಗಾಗಿ ಒಬ್ಬ ಮಗ ಲಂಡನ್ನಿನಲ್ಲಿ, ಇನ್ನೊಬ್ಬಳು ಮಗಳು ಸ್ಯಾನ್ ಹೋಸೆಯಲ್ಲಿ ಇದ್ದು ಎಲ್ಲರೂ ಒಟ್ಟಿಗೆ ಸೇರುವ ಕಾಲ್ ಆದರೆ, ಆ ಎರಡು ತಿಂಗಳ ತಾರೀಖುಗಳನ್ನು ಅಜ್ಜಿಯ ಗೋಡೆ ಕ್ಯಾಲೆಂಡರಿನಲ್ಲಿ ಬೇರೆ ಬೇರೆಯಾಗಿಯೇ ಬರೆದಿಡಬೇಕು.