ಹಾಟ್‌ಸ್ಪಾಟ್ ಬಿಟ್ಟು ಕೇಬಲ್ ಹಾಕಿದರೆ

ಬೆಂಗಳೂರಿನ ಪಿಜಿಯೊಂದರಲ್ಲಿ ಸಂಜೆ ಹೊತ್ತು ಲ್ಯಾಪ್‌ಟಾಪಿನ ವೈಫೈ ಪಟ್ಟಿ ತೆರೆದರೆ ಹತ್ತಿಪ್ಪತ್ತು ಹೆಸರುಗಳಾದರೂ ಸಾಲುಗಟ್ಟಿರುತ್ತವೆ. ಅದರಲ್ಲಿ ಒಂದು ಸ್ವಂತ ಫೋನಿನ ಹಾಟ್‌ಸ್ಪಾಟ್. ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿವೆ, ಯೂಟ್ಯೂಬ್ ಸಲೀಸಾಗಿ ಓಡುತ್ತದೆ. ಲ್ಯಾಪ್‌ಟಾಪಿನ ಮೀಟಿಂಗಿನಲ್ಲಿ ಮಾತ್ರ ಮಾತು ತುಂಡುತುಂಡು. ಬೈಗುಳವೆಲ್ಲ ಸಿಮ್ ಕಂಪನಿಗೆ ಹೋಗುತ್ತದೆ. ಎಷ್ಟೋ ಸಲ ತೊಡಕು ಇರುವುದು ಟವರಿನ ಕಡೆ ಅಲ್ಲ, ಫೋನಿಗೂ ಲ್ಯಾಪ್‌ಟಾಪಿಗೂ ನಡುವಿನ ಒಂದು ಮೊಳದಲ್ಲಿ.

ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಸಿಗುವುದು ಮೂರೇ: 1, 6 ಮತ್ತು 11. ಒಂದೇ ಚಾನೆಲ್‌ನಲ್ಲಿರುವ ಸಾಧನಗಳಲ್ಲಿ ಒಂದು ಮಾತಾಡುವಾಗ ಉಳಿದವು ಸುಮ್ಮನಿದ್ದು ಸರದಿ ಕಾಯಬೇಕು. ಪಕ್ಕದ ರೂಮಿನವರು ಸಿನಿಮಾ ನೋಡುತ್ತಿದ್ದರೆ ಇಲ್ಲಿನ ಸರದಿ ತಡವಾಗುತ್ತದೆ. ಎರಡೂ ಸಾಧನಗಳಿಗೆ 5 ಗಿಗಾಹರ್ಟ್ಸ್ ಬರುವುದಾದರೆ ಮೊದಲು ಅದಕ್ಕೆ ಬದಲಾಯಿಸಿ ನೋಡುವುದು ಸರಿ; ಅಲ್ಲಿ ಜಾಗ ಜಾಸ್ತಿ.

ಯುಎಸ್‌ಬಿ ಕೇಬಲ್‌ನಲ್ಲಿ ಈ ಸರದಿಯೇ ಇಲ್ಲ. ಫೋನಿನಲ್ಲಿ `USB tethering` ಆನ್ ಮಾಡಿದೊಡನೆ ಲ್ಯಾಪ್‌ಟಾಪಿಗೆ ಫೋನು ಒಂದು ತಂತಿ ನೆಟ್‌ವರ್ಕ್ ಕಾರ್ಡಿನಂತೆ ಕಾಣುತ್ತದೆ. ಯುಎಸ್‌ಬಿ 2.0 ಕೇಬಲ್ಲಿಗೆ ಸೆಕೆಂಡಿಗೆ 480 ಮೆಗಾಬಿಟ್ ವೇಗವಿದೆ ನಿಜ, ಆದರೆ ಟವರಿನಿಂದ ಬರುತ್ತಿರುವುದೇ 20 ಆದರೆ ಲ್ಯಾಪ್‌ಟಾಪಿಗೂ 20ಕ್ಕಿಂತ ಹೆಚ್ಚು ಸಿಗದು. ಕೇಬಲ್‌ನಿಂದ ಸಿಗುವ ಲಾಭ ವೇಗವಲ್ಲ, ಏರುಪೇರಿಲ್ಲದ ಹರಿವು. ಮೀಟಿಂಗಿಗೆ ಬೇಕಾದದ್ದೂ ಅದೇ.

ದೋಷ ಯಾವ ಕಡೆ ಎಂದು ವಿಂಡೋಸ್‌ನಲ್ಲಿ ಒಂದು ನಿಮಿಷದಲ್ಲಿ ತಿಳಿಯಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ `ipconfig` ಕೊಟ್ಟಾಗ `Default Gateway` ಎದುರು ಕಾಣುವ ವಿಳಾಸ ಫೋನಿನದು. ಅದು 192.168.42.129 ಎಂದಿದ್ದರೆ:

```
ping -n 20 192.168.42.129
ping -n 20 8.8.8.8
```

ಮೊದಲನೆಯದು ಫೋನಿನವರೆಗಿನ ದಾರಿ, ಎರಡನೆಯದು ಟವರ್ ದಾಟಿ ಹೊರಗೆ ಹೋಗುವ ದಾರಿ. ಕೇಬಲ್‌ನಲ್ಲಿ ಮೊದಲನೆಯದು ಸಾಮಾನ್ಯವಾಗಿ ಒಂದೆರಡು ಮಿಲಿಸೆಕೆಂಡ್ ತೋರಿಸುತ್ತದೆ. ಹಾಟ್‌ಸ್ಪಾಟ್‌ನಲ್ಲಿ 3, 5, 140, 4, 90 ಎಂದು ಕುಣಿಯುತ್ತಿದ್ದರೆ ತಪ್ಪು ವೈಫೈಯದು, ಕೇಬಲ್ ಹಾಕಿದರೆ ಸರಿಹೋಗುತ್ತದೆ. ಮೊದಲನೆಯದು ನೆಟ್ಟಗಿದ್ದು ಎರಡನೆಯದು ಮಾತ್ರ ಕುಣಿದರೆ ಕೇಬಲ್‌ನಿಂದ ಏನೂ ಪ್ರಯೋಜನವಿಲ್ಲ. ಬೈಗುಳ ಆಗ ಸರಿಯಾದ ವಿಳಾಸಕ್ಕೇ ಹೋಗುತ್ತಿದೆ.

ಕೇಬಲ್ ಹಾಕಿದರೂ `USB tethering` ಮಸುಕಾಗಿಯೇ ಇದ್ದು ಒತ್ತಲು ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲ್ಲನ್ನೇ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ವಿದ್ಯುತ್ತಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾದ ಎರಡು ಇರುವುದಿಲ್ಲ. ಚಾರ್ಜ್ ಆಗುತ್ತದೆ, ಫೋಟೋ ಕಾಪಿಯೂ ಆಗದು, ನೆಟ್ಟೂ ಬಾರದು. ಇನ್ನು ಆಪಲ್ ಮ್ಯಾಕ್ ಇರುವವರಿಗೆ ಬೇರೆ ತಲೆನೋವು: ಹಲವು ಆಂಡ್ರಾಯ್ಡ್ ಫೋನುಗಳ ಟೆದರಿಂಗ್‌ಗೆ ಬೇಕಾದ ಡ್ರೈವರ್ ಮ್ಯಾಕ್‌ನಲ್ಲಿ ಇಲ್ಲ.

ವಿಂಡೋಸ್‌ನವರು ಎಚ್ಚರವಹಿಸಬೇಕಾದ್ದು ದಿನದ ಡೇಟಾ ಮಿತಿಯ ಬಗ್ಗೆ. ತಂತಿಯಲ್ಲಿ ಬಂದ ನೆಟ್ಟನ್ನು ವಿಂಡೋಸ್ ಬ್ರಾಡ್‌ಬ್ಯಾಂಡ್ ಎಂದೇ ತಿಳಿದು ಹಿಂದಿನಿಂದ ಅಪ್‌ಡೇಟ್ ಎಳೆಯತೊಡಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಲಾನ್ ಇದ್ದವರಿಗೆ ಮಧ್ಯಾಹ್ನದೊಳಗೆ ಡೇಟಾ ಖಾಲಿ. ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟದಲ್ಲಿ `Metered connection` ಆನ್ ಮಾಡಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ.

ಹಾಟ್‌ಸ್ಪಾಟ್, ಕೇಬಲ್ ಬಿಟ್ಟರೆ ಮೂರನೆಯ ದಾರಿ ಬ್ಲೂಟೂತ್; ಮೂರರಲ್ಲಿ ಅದೇ ನಿಧಾನಿ. ಸೆಕೆಂಡಿಗೆ ಹೆಚ್ಚೆಂದರೆ ಎರಡು ಮೆಗಾಬಿಟ್, ಎಷ್ಟೋ ವೇಳೆ ಅದಕ್ಕಿಂತ ಕಡಿಮೆ. ಒಂದೂವರೆ ಸಿಕ್ಕಿತು ಎಂದಿಟ್ಟುಕೊಂಡರೂ 100 ಎಂಬಿಯ ಫೈಲ್ ಇಳಿಯಲು ಒಂಬತ್ತು ನಿಮಿಷ ಬೇಕು. ವೀಡಿಯೊ ಮೀಟಿಂಗಿಗೆ ಅದನ್ನು ನಂಬುವಂತಿಲ್ಲ. ಆದರೆ ಕರೆಂಟ್ ಹೋಗಿದೆ, ಫೋನಿನ ಬ್ಯಾಟರಿ ಶೇ. 15ಕ್ಕೆ ಇಳಿದಿದೆ, ಒಂದು ಮೇಲ್ ಕಳಿಸಿದರೆ ಸಾಕು ಎಂಬಾಗ ಅದೇ ವಾಸಿ. ಹಾಟ್‌ಸ್ಪಾಟ್ ಫೋನಿನ ವೈಫೈ ರೇಡಿಯೋವನ್ನು ಸದಾ ಎಚ್ಚರವಾಗಿ ಇಡುತ್ತದೆ. ಬ್ಲೂಟೂತ್‌ನದು ಕಡಿಮೆ ಖರ್ಚು. ಕೇಬಲ್ ಹಾಕಿದರೆ ಫೋನ್ ಚಾರ್ಜ್ ಆಗುತ್ತದೆ ನಿಜ, ಆದರೆ ಅದು ಲ್ಯಾಪ್‌ಟಾಪಿನ ಬ್ಯಾಟರಿಯಿಂದ ಕಡ ತಂದದ್ದು. ಬ್ಲೂಟೂತ್‌ನಲ್ಲಿ ಹಲವರು ಎಡವುವುದು ಇಲ್ಲಿ: ಜೋಡಿ ಮಾಡಿದ ಮಾತ್ರಕ್ಕೆ ನೆಟ್ ಬರುವುದಿಲ್ಲ. ಫೋನಿನಲ್ಲಿ `Bluetooth tethering` ಆನ್ ಮಾಡಿ, ವಿಂಡೋಸ್‌ನ `Devices and Printers`ನಲ್ಲಿ ಫೋನಿನ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ `Connect using`, `Access point` ಆಯ್ದುಕೊಳ್ಳಬೇಕು.

ಹಾಟ್‌ಸ್ಪಾಟ್‌ಗೆ ಬದಲಿಲ್ಲದ ಜಾಗವೂ ಉಂಟು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯಲ್ಲೋ ಅಂಗಳದ ಒಂದು ಮೂಲೆಯಲ್ಲೋ ಮಾತ್ರ. ಒಂದು ಮೀಟರ್ ಕೇಬಲ್ ಹಿಡಿದು ಅಲ್ಲಿ ಕೂರಲಾದೀತೇ? ಫೋನನ್ನು ಅಲ್ಲಿಟ್ಟು ಹಾಟ್‌ಸ್ಪಾಟ್ ಹಾಕುವುದೇ ದಾರಿ. ಮನೆಯ ಎರಡು ಮೂರು ಸಾಧನಗಳಿಗೆ ಏಕಕಾಲಕ್ಕೆ ನೆಟ್ ಬೇಕಾದಾಗಲೂ ಅಷ್ಟೇ.

ಕೇಬಲ್‌ನ ಇನ್ನೊಂದು ಉಪಯೋಗ ಕಡಿಮೆ ಜನರಿಗೆ ಗೊತ್ತು. ಫೋನು ವೈಫೈಗೆ ಸೇರಿಕೊಂಡಿದ್ದಾಗ ಯುಎಸ್‌ಬಿ ಟೆದರಿಂಗ್ ಮಾಡಿದರೆ ಆ ವೈಫೈಯ ನೆಟ್ಟೇ ಕಂಪ್ಯೂಟರಿಗೆ ಹೋಗುತ್ತದೆ. ವೈಫೈ ಕಾರ್ಡ್ ಇಲ್ಲದ ಹಳೆಯ ಡೆಸ್ಕ್‌ಟಾಪಿಗೂ, ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ವೈಫೈ ಡ್ರೈವರ್ ಸಿಗದೆ ಕಂಗೆಟ್ಟವರಿಗೂ ಇದು ಸುಲಭ ಉಪಾಯ. ಮೊಬೈಲ್ ಡೇಟಾ ಆಫ್ ಮಾಡಿಟ್ಟರೆ ವೈಫೈ ಕೈಕೊಟ್ಟಾಗ ಸಿಮ್ಮಿನ ಡೇಟಾ ಸದ್ದಿಲ್ಲದೆ ಕರಗುವುದೂ ತಪ್ಪುತ್ತದೆ.