ನಕಲಿನೊಳಗೆ ಉಳಿಯುವ ಅಸಲಿ ನಂಬರು

ಅಭಿಮಾನಿಗಳು ಕಲಾವಿದರಿಗೆ ತಿಂಗಳು ತಿಂಗಳು ಹಣ ಕೊಡುವ ಅಮೆರಿಕದ ಜಾಲತಾಣ ಪೇಟ್ರಿಯಾನ್. 2015ರ ಸೆಪ್ಟೆಂಬರಿನಲ್ಲಿ ಅದರ ಬಳಕೆದಾರರ ಹೆಸರು, ಇಮೇಲ್‌ಗಳು ಕಳುವಾದವು. ಕಳ್ಳರು ನುಗ್ಗಿದ್ದು, ದೋಷ ಹುಡುಕಲೆಂದು ಎಂಜಿನಿಯರ್‌ಗಳು ಬಳಸುತ್ತಿದ್ದ, ಹೊರಗಿನವರ ಕಣ್ಣಿಗೂ ಬೀಳುತ್ತಿದ್ದ ಇನ್ನೊಂದು ಆವೃತ್ತಿಯ ಮೂಲಕ. ಅದರ ಸರ್ವರಿನಲ್ಲಿ ಅಸಲಿ ಡೇಟಾಬೇಸಿನ ನಕಲಿತ್ತು.

ಇಂಥ ನಕಲು ಅನೇಕ ಕಂಪನಿಗಳಲ್ಲಿರುತ್ತದೆ. ಹೊಸ ಸಾಫ್ಟ್‌ವೇರನ್ನು ನಿಜವಾದ ದತ್ತಾಂಶದ ಮೇಲೆ ಓಡಿಸಿ ನೋಡಿದರಷ್ಟೇ ಅದರ ಕೆಲವು ಹುಳುಕುಗಳು ಗೊತ್ತಾಗುವುದು. ಆನ್‌ಲೈನ್ ದಿನಸಿ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ರಾತ್ರಿ 2 ಗಂಟೆಗೆ ಕ್ರಾನ್ ಜಾಬ್ ಎದ್ದು, ಗ್ರಾಹಕರ ಡೇಟಾಬೇಸನ್ನು ಟೆಸ್ಟ್ ಸರ್ವರಿಗೆ ಇಳಿಸಿ, ಮೊಬೈಲ್, ಇಮೇಲ್ ಕಾಲಂಗಳನ್ನು ಮರೆಮಾಚುತ್ತದೆ. ಇಳಿಸಿದ್ದಕ್ಕೂ ಮರೆಮಾಚಿದ್ದಕ್ಕೂ ನಡುವೆ ಅರ್ಧ ಗಂಟೆ ಹಿಡಿದರೆ, ಅಷ್ಟು ಹೊತ್ತು ಎಲ್ಲವೂ ಬಯಲಾಗಿರುತ್ತದೆ. ಜಾಬ್ ನಡುವೆಯೇ ಕೆಟ್ಟು ನಿಂತರೆ ಬೆಳಗಿನವರೆಗೂ ಹಾಗೆಯೇ.

ಆದ್ದರಿಂದ ನುರಿತವರು ಬೇರೆ ಹೆಸರಿನ ಡೇಟಾಬೇಸಿಗೆ ಇಳಿಸಿಕೊಳ್ಳುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಹೊಸ ಡೇಟಾಬೇಸಿನ ಬಾಗಿಲು ಹುಟ್ಟಿನಿಂದಲೇ ಎಲ್ಲ ಬಳಕೆದಾರರಿಗೂ ತೆರೆದಿರುತ್ತದೆ. ಮೊದಲು ಅದನ್ನು ಮುಚ್ಚಬೇಕು. ಮರೆಮಾಚುವ ಕೆಲಸ ಮುಗಿದ ಮೇಲೆಯೇ ಹೆಸರು ಬದಲಿಸಿ ತಂಡಕ್ಕೆ ಬಿಟ್ಟುಕೊಡಬೇಕು:

```sql
REVOKE CONNECT ON DATABASE shop_stage FROM PUBLIC;
-- shop_stage ಒಳಗೆ:
UPDATE customers
SET email = 'c' || id || '@example.invalid';
```

`.invalid` ಎಂದು ಮುಗಿಯುವ ವಿಳಾಸ ಜಗತ್ತಿನಲ್ಲಿ ಯಾರಿಗೂ ಸಿಗುವುದಿಲ್ಲ. ಟೆಸ್ಟ್ ಸರ್ವರ್ ತಪ್ಪಿ ಮೇಲ್ ಕಳಿಸಿದರೂ ಗ್ರಾಹಕರಿಗೆ ತಲುಪದು.

ಮೊಬೈಲ್ ನಂಬರಿನ ಕತೆ ಬೇರೆ. ಒಂದೇ ನಂಬರು ಗ್ರಾಹಕರ ಪಟ್ಟಿಯಲ್ಲೂ ಆರ್ಡರ್ ಪಟ್ಟಿಯಲ್ಲೂ ಇದ್ದರೆ, ಎರಡೂ ಕಡೆ ಒಂದೇ ವೇಷ ಹಾಕಬೇಕು. ಇಲ್ಲವಾದರೆ ಕೊಂಡಿ ಕಳಚುತ್ತದೆ. ಅದಕ್ಕೆಂದು ಹಲವರು ಹ್ಯಾಶ್ ಮಾಡಿ ನಿಶ್ಚಿಂತರಾಗುತ್ತಾರೆ. ಆದರೆ ಭಾರತದ ಮೊಬೈಲ್ ನಂಬರುಗಳು ಶುರುವಾಗುವುದು 6, 7, 8, 9ರಿಂದ. ಅಂದರೆ ಸಾಧ್ಯತೆಗಳು ಹೆಚ್ಚೆಂದರೆ 400 ಕೋಟಿ. ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸಲು ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರ್ ಸಾಕು. ನ್ಯೂಯಾರ್ಕಿನಲ್ಲಿ ಆದದ್ದು ಇದೇ: 2014ರಲ್ಲಿ ಹೊರಬಿದ್ದ ಟ್ಯಾಕ್ಸಿ ಪ್ರಯಾಣಗಳ ದತ್ತಾಂಶದಲ್ಲಿ ಪರವಾನಗಿ ಸಂಖ್ಯೆಗಳನ್ನು ಬರೀ ಎಂಡಿ5 ಹ್ಯಾಶ್ ಮಾಡಲಾಗಿತ್ತು, ಸಾಫ್ಟ್‌ವೇರ್ ಎಂಜಿನಿಯರೊಬ್ಬರು ಕೆಲವೇ ಗಂಟೆಗಳಲ್ಲಿ ಮೂಲ ಸಂಖ್ಯೆಗಳನ್ನು ಹೊರತೆಗೆದರು. ಹ್ಯಾಶ್‌ಗೆ ಗುಪ್ತ ಕೀಲಿಯೊಂದನ್ನು ಬೆರೆಸುವ ಎಚ್‌ಮ್ಯಾಕ್ ವಿಧಾನದಲ್ಲಿ, ಕೀಲಿ ಇಲ್ಲದವರಿಗೆ ಈ ಉಪಾಯ ನಡೆಯದು. ಆ ಕೀಲಿ ಟೆಸ್ಟ್ ಸರ್ವರಿನಲ್ಲಿ ಇರಬಾರದು, ಅಷ್ಟೆ.

ಇನ್ನು, ಅಸಲಿಗೆ ಯಾರೋ `alternate_phone` ಎಂಬ ಹೊಸ ಕಾಲಂ ಸೇರಿಸುತ್ತಾರೆ. ಮರೆಮಾಚುವ ಸ್ಕ್ರಿಪ್ಟಿಗೆ ಅದರ ಸುಳಿವೇ ಇಲ್ಲ. ಜಾಬ್ ಮಾತ್ರ ‘ಯಶಸ್ವಿ’ ಎಂದು ವರದಿ ಕೊಡುತ್ತದೆ. ಆದ್ದರಿಂದ ಮರೆಮಾಚಬೇಕಾದ ಕಾಲಂಗಳ ಜೊತೆಗೆ ಹಾಗೆಯೇ ಬಿಡಬಹುದಾದವುಗಳ ಪಟ್ಟಿಯೂ ಇರಬೇಕು. ಎರಡರಲ್ಲೂ ಇಲ್ಲದ ಕಾಲಂ ಕಂಡರೆ ಜಾಬ್ ಅಲ್ಲಿಗೇ ನಿಲ್ಲಬೇಕು. ತಂಡ ಆ ದಿನ ನಿನ್ನೆಯ ನಕಲಿನಲ್ಲೇ ಕೆಲಸ ಮಾಡುತ್ತದೆ.

ಪಟ್ಟಿಗೂ ಸಿಗದ ಜಾಗ ಒಂದಿದೆ. ‘ಡೆಲಿವರಿ ಸೂಚನೆ’ ಎಂಬ ಕಾಲಂನಲ್ಲಿ ಗ್ರಾಹಕರು ‘ಗೇಟ್ ಹತ್ತಿರ ಬಂದು ನಮ್ಮ ಯಜಮಾನರಿಗೆ ಕಾಲ್ ಮಾಡಿ’ ಎಂದು ಬರೆದು ನಂಬರನ್ನೂ ಕೊಟ್ಟಿರುತ್ತಾರೆ. ಕೊನೆಯಲ್ಲಿ ಎಲ್ಲ ಪಠ್ಯ ಕಾಲಂಗಳಲ್ಲಿ ಹತ್ತಂಕಿಯ ಸಾಲುಗಳನ್ನು ಹುಡುಕಿದರೆ ಇಂಥವು ಸಿಕ್ಕಿಬೀಳುತ್ತವೆ. ಆದರೆ ನಂಬರಿನ ನಡುವೆ ಜಾಗ ಬಿಟ್ಟು ಬರೆದವರದು, ಮನೆಯ ಗುರುತು ಹೇಳಿದವರದು ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಈ ಕಾಲಂ ಅನ್ನು ಪೂರ್ತಿ ಅಳಿಸಿ, ಎಲ್ಲ ಸಾಲಿಗೂ ಒಂದೇ ಕೃತಕ ವಾಕ್ಯ ತುಂಬುವುದು ರೂಢಿ.