ಮೂಗು ಹಿಡಿಯದ ದೋಷ

ಉತ್ತರ ಘಾನಾದ ಟಮಾಲೆ ಪಟ್ಟಣದ ಸಂತೆಯಲ್ಲಿ ಶಿಯಾ ಬೆಣ್ಣೆಯನ್ನು ಬಿಡಿಯಾಗಿ ಮಾರುತ್ತಾರೆ. ಹೆಸರು ಬೆಣ್ಣೆಯಾದರೂ ಇದು ಹಾಲಿನದಲ್ಲ. ನಮ್ಮ ಹಿಪ್ಪೆಯ ಕುಟುಂಬಕ್ಕೇ ಸೇರಿದ ಶಿಯಾ ಮರದ ಬೀಜದ ಕೊಬ್ಬು. ಮೊಹರು ಮಾಡಿದ ಡಬ್ಬಿಯಿಲ್ಲವಾದ್ದರಿಂದ ಕೊಳ್ಳುವವರಿಗೆ ಕೈ ಮತ್ತು ಮೂಗುಗಳೇ ಪರೀಕ್ಷಕರು. ಇವುಗಳ ತೀರ್ಪನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದನ್ನು ವಿಚಾರಿಸೋಣ.

ಅಲ್ಲಿನ ಹೆಂಗಸರು ಬೀಜವನ್ನು ಬೇಯಿಸಿ, ಒಣಗಿಸಿ, ಹುರಿದು, ಅರೆಯುತ್ತಾರೆ. ಆ ಹಿಟ್ಟನ್ನು ನೀರಿನಲ್ಲಿ ಮಿದ್ದಾಗ ಕೊಬ್ಬು ಮೇಲಕ್ಕೆ ತೇಲುತ್ತದೆ. ಅದನ್ನು ಕಾಯಿಸಿ ನೀರನ್ನು ಆರಿಸುತ್ತಾರೆ. ಆದುದರಿಂದ ಹಸಿ ಬೆಣ್ಣೆಗೆ ಹುರಿದ ಬೀಜದ ಮತ್ತು ಹೊಗೆಯ ವಾಸನೆಯಿರುವುದು ಸಹಜ. ಕೈಗೆ ಮರಳುಮರಳಾಗಿ ತಗುಲಿದರೂ ಹೆದರಬೇಕಾಗಿಲ್ಲ. ನಿಧಾನವಾಗಿ ತಣಿದಾಗ ಕೊಬ್ಬಿನ ಒಂದು ಭಾಗವು ದೊಡ್ಡ ಹರಳುಗಳಾಗಿ ಗಟ್ಟಿಯಾಗುವುದೇ ಇದಕ್ಕೆ ಕಾರಣ. ಕರಗಿಸಿ ಬೇಗನೆ ತಣಿಸಿದರೆ ಬೆಣ್ಣೆ ಮತ್ತೆ ನುಣುಪಾಗುತ್ತದೆ.

ನಿಜವಾದ ಕೇಡು ಎರಡು ದಾರಿಗಳಿಂದ ಬರುತ್ತದೆ. ಮೊದಲನೆಯದು ಗಾಳಿಯ ಆಮ್ಲಜನಕದಿಂದ. ಇದು ಕೊಬ್ಬಿನ ಅಣುಗಳೊಡನೆ ಕೂಡಿ, ಕೊನೆಗೆ ಅವನ್ನು ಚಿಕ್ಕ, ಸುಲಭವಾಗಿ ಆವಿಯಾಗುವ ಆಲ್ಡಿಹೈಡುಗಳಾಗಿ ಒಡೆಯುತ್ತದೆ. ಹಳೆಯ ಬಣ್ಣದ ಡಬ್ಬಿಯನ್ನು ನೆನಪಿಗೆ ತರುವ ಕಮಟು ವಾಸನೆ ಇವುಗಳದೇ. ಮೂಗು ಇದನ್ನು ಚೆನ್ನಾಗಿ ಗುರುತಿಸುತ್ತದೆ.

ಎರಡನೆಯ ಕೇಡು ನೀರಿನಿಂದ. ಬೀಜವು ಒದ್ದೆಯಲ್ಲಿ ಬಿದ್ದು ಮೊಳೆತರೆ ಅಥವಾ ಬೂಷ್ಟು ಹಿಡಿದರೆ, ಕಿಣ್ವಗಳು ಕೊಬ್ಬನ್ನು ಸೀಳಿ ಅದರೊಳಗಿನ ಆಮ್ಲಗಳನ್ನು ಬಿಡಿಸುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಹೀಗಾದರೆ ನಮಗೆ ಕೂಡಲೇ ತಿಳಿಯುತ್ತದೆ. ಬಿಡುಗಡೆಯಾದ ಆಮ್ಲಗಳಲ್ಲಿ 8-10 ಇಂಗಾಲದ ಪರಮಾಣುಗಳುಳ್ಳ ಹಗುರವಾದವೂ ಇರುತ್ತವೆ. ಶಿಯಾದ ಮುಖ್ಯ ಆಮ್ಲಗಳಾದ ಓಲಿಯಿಕ್ ಮತ್ತು ಸ್ಟಿಯರಿಕ್‌ಗಳಲ್ಲಿಯಾದರೋ 18 ಪರಮಾಣುಗಳು. ಭಾರವಾದ ಈ ಅಣುಗಳು ಸಾಧಾರಣ ಉಷ್ಣತೆಯಲ್ಲಿ ಆವಿಯಾಗುವುದೇ ಇಲ್ಲವೆನ್ನಬಹುದು. ಮೂಗಿಗೆ ಏನೂ ತಲುಪದಿರುವಾಗ ಅದು ಏನನ್ನು ತಾನೇ ಹೇಳೀತು?

ಇಲ್ಲಿ ಪ್ರಯೋಗಶಾಲೆಯ ನೆರವು ಬೇಕು. ಫಿನಾಲ್ಫ್ತಲೀನ್ ಬೆರೆಸಿ, ಮೊದಲೇ ತಟಸ್ಥಗೊಳಿಸಿದ 50 ಮಿಲಿಲೀಟರ್ ಆಲ್ಕೊಹಾಲಿನಲ್ಲಿ 10 ಗ್ರಾಂ ಬೆಣ್ಣೆಯನ್ನು ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಬೇಕು. ಆಲ್ಕೊಹಾಲ್ ಹೊತ್ತಿಕೊಳ್ಳುವುದರಿಂದ ಬಳಿಯಲ್ಲಿ ಉರಿ ಕೂಡದು. ಅನಂತರ ಬ್ಯೂರೆಟ್ಟಿನಿಂದ ದಶಾಂಶ ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಡುತ್ತ, ಚೆನ್ನಾಗಿ ಕುಲುಕುತ್ತಿರಬೇಕು. ನಸುಗೆಂಪು ಬಣ್ಣವು ಅರ್ಧ ನಿಮಿಷ ನಿಂತರೆ ಪ್ರಯೋಗ ಮುಗಿಯಿತು.

14 ಮಿಲಿಲೀಟರ್ ಖರ್ಚಾಯಿತೆನ್ನೋಣ. ಪ್ರತಿ ಮಿಲಿಲೀಟರಿಗೆ 0.0282 ಗ್ರಾಂ ಓಲಿಯಿಕ್ ಆಮ್ಲ ಸಮ. ಅಂದರೆ ಬಿಡಿ ಆಮ್ಲ 0.395 ಗ್ರಾಂ, ಸುಮಾರು ನೂರಕ್ಕೆ 4. ಶಾಖ ತಾಗಿಸದೆ ಹಿಂಡಿದ ಅಡುಗೆಯೆಣ್ಣೆಗಳಿಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನಕವು ವಿಧಿಸಿರುವ ಮಿತಿ ಸುಮಾರು ನೂರಕ್ಕೆ 2. ಹೊಗೆಯ ಸುವಾಸನೆ ಎಷ್ಟೇ ಹಿತವಾಗಿದ್ದರೂ, ಅಂಥ ಬೆಣ್ಣೆಯ ಬೀಜ ಕೆಟ್ಟಿತ್ತೆಂದು ತಿಳಿಯಬೇಕು.

ಆದರೆ ಈ ಪರೀಕ್ಷೆಯು ಆಮ್ಲಜನಕದಿಂದಾದ ಕೇಡನ್ನು ತೋರಿಸಲಾರದು. ಅದಕ್ಕೆ ಮತ್ತೆ ಮೂಗೇ ಗತಿ. ಹೀಗೆ ಬ್ಯೂರೆಟ್ಟು ಕಾಣದುದನ್ನು ಮೂಗೂ, ಮೂಗು ಕಾಣದುದನ್ನು ಬ್ಯೂರೆಟ್ಟೂ ಕಾಣುತ್ತವೆ. ಎರಡೂ ಒಪ್ಪಿದ ಮೇಲೆಯೇ ಬೆಣ್ಣೆಯನ್ನು ಒಳ್ಳೆಯದೆನ್ನಬಹುದು.